ಭಟ್ಟರ ಅಂಗಾಲಿನ ಉರಿ

ಮದುವೆ ಮನೆಗಳ ಅಡುಗೆ ಭಟ್ಟರವರು. ಹಗಲೆಲ್ಲ ಒಲೆಯ ಮುಂದೆ ನಿಂತರೂ ಕಾಲಿನ ನೆನಪಿರುತ್ತಿರಲಿಲ್ಲ. ರಾತ್ರಿ ಮಲಗಿದರೆ ಮಾತ್ರ ಅಂಗಾಲು ಕೆಂಡ ತುಳಿದಂತೆ ಉರಿಯುತ್ತಿತ್ತು. ಹೊದಿಕೆ ತಾಗಿದರೂ ಸಹಿಸಲಾಗದು. "ಮೈಯಲ್ಲಿ ಉಷ್ಣ" ಎಂದು ಹೆಂಡತಿ ತೀರ್ಮಾನಿಸಿ ಹರಳೆಣ್ಣೆ ಹಚ್ಚಿದರು.

ಎಂಟು ವರ್ಷದಿಂದ ಸಕ್ಕರೆ ಕಾಯಿಲೆ ಇತ್ತು. ಉರಿಯನ್ನೂ ಅದರ ಲೆಕ್ಕಕ್ಕೇ ಬರೆಯುವುದು ಸುಲಭ. ಆದರೆ ಸಕ್ಕರೆ ಹಿಡಿತದಲ್ಲಿದ್ದದ್ದು ವೈದ್ಯೆಗೆ ಅನುಮಾನ ತಂದಿತು. ಟ್ಯೂನಿಂಗ್ ಫೋರ್ಕ್ ಮಿಡಿದು ಹೆಬ್ಬೆರಳಿಗೆ ಇಟ್ಟರು. ಕಂಪನ ತಿಳಿಯಲೇ ಇಲ್ಲ.

"ಊಟಕ್ಕೆ ಏನು ಭಟ್ರೇ?"

"ಎಲ್ಲರೂ ಉಂಡ ಮೇಲೆ ಅನ್ನ, ತಿಳಿಸಾರು. ಕಫ ಅಂತ ಹಾಲು-ಮೊಸರು ಬಿಟ್ಟು ವರ್ಷಗಳಾದ್ವು ಡಾಕ್ಟ್ರೇ."

ಪರೀಕ್ಷೆಯಲ್ಲಿ ಬಿ12 ಮಿಲಿಲೀಟರಿಗೆ 110 ಪಿಕೋಗ್ರಾಂ ಬಂತು. ಸಾಮಾನ್ಯವಾಗಿ 200ಕ್ಕಿಂತ ಕೆಳಗಿದ್ದರೆ ಕೊರತೆ.

ತರಕಾರಿ, ಬೇಳೆಗಳಲ್ಲಿ ಬಿ12 ಇರುವುದಿಲ್ಲ. ಮಾಂಸ, ಮೊಟ್ಟೆ ಮುಟ್ಟದವರಿಗೆ ಹಾಲು-ಮೊಸರೇ ಆಧಾರ. ಮೇಲಾಗಿ, ಸಕ್ಕರೆಗೆಂದು ವರ್ಷಗಟ್ಟಲೆ ನುಂಗುವ ಮೆಟ್‌ಫಾರ್ಮಿನ್ ಮಾತ್ರೆ ಕರುಳು ಬಿ12 ಹೀರುವುದನ್ನು ತಗ್ಗಿಸಬಲ್ಲದು. ಯಕೃತ್ತಿನ ದಾಸ್ತಾನು ವರ್ಷಗಳ ಕಾಲ ಸಾಕಾಗುವುದರಿಂದ ಕೊರತೆ ತಡವಾಗಿ ಕಾಣುತ್ತದೆ. ನರಗಳಿಗೂ ಅವುಗಳ ಹೊದಿಕೆಗೂ ಬಿ12 ಬೇಕು. ಉದ್ದನೆಯ ನರಗಳು ಮೊದಲು ಸೊರಗುತ್ತವೆ, ಹಾಗಾಗಿ ಪಾದದಲ್ಲೇ ಶುರು. ಇಲ್ಲಿ ಬರೀ ಫೋಲಿಕ್ ಆಮ್ಲದ ಮಾತ್ರೆ ನುಂಗುವುದು ಅಪಾಯ: ರಕ್ತಹೀನತೆ ಸರಿಹೋದಂತೆ ಕಂಡರೂ ನರಗಳು ಕೆಡುತ್ತಲೇ ಹೋಗಬಹುದು.

ವೈದ್ಯೆ ಮೆಟ್‌ಫಾರ್ಮಿನ್ ನಿಲ್ಲಿಸಲಿಲ್ಲ. 1000 ಮೈಕ್ರೋಗ್ರಾಂ ಬಿ12 ಚುಚ್ಚುಮದ್ದನ್ನು ಮೊದಲು ದಿನ ಬಿಟ್ಟು ದಿನ, ಆಮೇಲೆ ತಿಂಗಳಿಗೊಮ್ಮೆ ಕೊಟ್ಟರು. ಕೆಲವು ತಿಂಗಳಲ್ಲಿ ಉರಿ ಇಳಿಯಿತು. ಹೆಬ್ಬೆರಳ ಜೋಮು ಮಾತ್ರ ಪೂರ್ತಿ ಹೋಗಿಲ್ಲ. ತಡವಾಗಿ ಪತ್ತೆಯಾದರೆ ಹಾಗೇ.