ಗಾಳಿ ತಿರುಗುವ ತನಕದ ಅತಿಥಿಗಳು

ಮೊರಾಕ್ಕೊದ ಪ್ರವಾಸಿ ಇಬ್ನ್ ಬತೂತ 1331ರ ಸುಮಾರಿಗೆ ಪೂರ್ವ ಆಫ್ರಿಕದ ಮೊಗದಿಶು ಬಂದರಿಗೆ ಹೋಗಿದ್ದ. ಹಡಗು ಬಂತೆಂದರೆ ಊರಿನ ಯುವಕರು ಸಣ್ಣ ದೋಣಿಗಳಲ್ಲಿ ಊಟದ ತಟ್ಟೆ ಹಿಡಿದು ಎದುರಾಗುತ್ತಿದ್ದರು. ಒಬ್ಬೊಬ್ಬ ಯುವಕ ಒಬ್ಬೊಬ್ಬ ವ್ಯಾಪಾರಿಯ ಮುಂದೆ ತಟ್ಟೆಯಿಟ್ಟು, ಈತ ನಮ್ಮ ಮನೆಯ ಅತಿಥಿ ಎಂದು ಸಾರುವುದು ಅಲ್ಲಿನ ವಾಡಿಕೆ. ಮುಂದೆ ಆ ವ್ಯಾಪಾರಿಗೆ ಉಳಿಯಲು ಜಾಗ ಕೊಡುವವನು, ಸರಕು ಮಾರಿಸುವವನು, ಬೇಕಾದ್ದನ್ನು ಕೊಡಿಸುವವನು ಎಲ್ಲ ಆ ಮನೆಯವನೇ. ಬತೂತನಿಗೆ ಅಲ್ಲಿ ಸಿಕ್ಕ ಊಟವೂ ಕೇಳುವಂಥದ್ದೇ: ತುಪ್ಪದ ಅನ್ನ, ಹಾಲಿನಲ್ಲಿ ಬೇಯಿಸಿದ ಬಾಳೆಕಾಯಿ, ಮೊಸರು, ನಿಂಬೆ ಮತ್ತು ಮೆಣಸಿನ ಉಪ್ಪಿನಕಾಯಿ, ಹಸಿಶುಂಠಿ, ಮಾವು.

ಇಂಥ ಏರ್ಪಾಟು ಬೆಳೆಯಲು ಕಾರಣ ಗಾಳಿ. ಡಿಸೆಂಬರಿನಿಂದ ಮಾರ್ಚ್‌ವರೆಗೆ ಈಶಾನ್ಯದಿಂದ ಬೀಸುವ 'ಕಸ್ಕಾಜಿ' ಅರಬ್ ಮತ್ತು ಗುಜರಾತಿನ ಹಡಗುಗಳನ್ನು ಆಫ್ರಿಕಕ್ಕೆ ಒಯ್ಯುತ್ತಿತ್ತು. ಏಪ್ರಿಲ್ ಹೊತ್ತಿಗೆ ಏಳುವ ನೈಋತ್ಯದ 'ಕುಸಿ' ವಾಪಸು ತರುತ್ತಿತ್ತು. ಆದರೆ ಜೂನ್, ಜುಲೈನಲ್ಲಿ ಅದೇ ಕುಸಿ ಕಡಲನ್ನು ಕದಡಿಬಿಡುತ್ತದೆ. ನಮ್ಮ ಪಶ್ಚಿಮ ಕರಾವಳಿಯ ಬಂದರುಗಳು ಮಳೆಗಾಲದಲ್ಲಿ ಮುಚ್ಚುತ್ತಿದ್ದುದೂ ಇದೇ ಗಾಳಿಯಿಂದ. ಸರಕು ತುಂಬುವುದು ತಡವಾದರೆ ವ್ಯಾಪಾರಿ ತಿಂಗಳುಗಟ್ಟಲೆ ಆ ಮನೆಯಲ್ಲೇ ಕೂರಬೇಕು.

ಒಂದೇ ಋತುವಿನಲ್ಲಿ ಹೋಗಿ ಮರಳಬಹುದಾದ ದಕ್ಷಿಣದ ಗಡಿ ಹೆಚ್ಚುಕಡಿಮೆ ಕಿಲ್ವಾ; ಇಂದಿನ ತಾಂಜಾನಿಯದ ಒಂದು ಪುಟ್ಟ ದ್ವೀಪ. ಜಿಂಬಾಬ್ವೆ ಪ್ರಸ್ಥಭೂಮಿಯ ಚಿನ್ನ ಬಂದಿಳಿಯುತ್ತಿದ್ದುದು ಇನ್ನೂ ದಕ್ಷಿಣದ ಸೊಫಾಲದಲ್ಲಿ. ಅಲ್ಲಿಗೆ ಹೋಗಿಬರುವಷ್ಟರಲ್ಲಿ ಪರದೇಶಿ ಹಡಗಿಗೆ ಗಾಳಿ ತಪ್ಪುತ್ತಿತ್ತು. ಆ ಚಿನ್ನವನ್ನು ಕಿಲ್ವಾಕ್ಕೆ ತಂದು ಮಾರುವ ಲಾಭ ಕಿಲ್ವಾದವರ ಪಾಲಾಯಿತು.

ಕಾದು ಕುಳಿತವರಲ್ಲಿ ಕೆಲವರು ಅಲ್ಲೇ ಸಂಸಾರ ಹೂಡಿದರು. 2023ರಲ್ಲಿ ಪ್ರಕಟವಾದ ಅಧ್ಯಯನವೊಂದು ಈ ತೀರದ ಹಳೆಯ ಗೋರಿಗಳಲ್ಲಿದ್ದವರ ಡಿಎನ್‌ಎಯನ್ನು ಪರೀಕ್ಷಿಸಿತು. ಹಲವರಲ್ಲಿ ತಾಯಿಯ ಕಡೆಯ ಮೂಲ ಬಹುಪಾಲು ಆಫ್ರಿಕದ್ದು, ತಂದೆಯ ಕಡೆಯದು ಹೆಚ್ಚಾಗಿ ಪರ್ಷಿಯದ್ದು. ಅಲ್ಪಸ್ವಲ್ಪ ಭಾರತದ ಅಂಶವೂ ಇತ್ತು. ಈ ಬೆರಕೆ ಶುರುವಾದದ್ದು ಕ್ರಿ.ಶ. 1000ದ ಸುಮಾರಿಗೆ.

ಹಾಗೆಂದು ಈ ಊರುಗಳನ್ನು ಕಟ್ಟಿದವರೇ ಹೊರಗಿನವರು ಎನ್ನಲಾಗದು. ಹಿಂದೆ ಪಂಡಿತರು ಹಾಗೆಯೇ ನಂಬಿದ್ದರು. ಕೆನ್ಯಾದ ಲಾಮು ದ್ವೀಪಸಮೂಹದ ಶಾಂಗಾದಲ್ಲಿ ಪುರಾತತ್ವಜ್ಞ ಮಾರ್ಕ್ ಹಾರ್ಟನ್ ಅಗೆಸಿದಾಗ ಬೇರೆಯದೇ ಚಿತ್ರ ಸಿಕ್ಕಿತು. ಕಲ್ಲಿನ ಮಸೀದಿಯ ಕೆಳಗೆ ಮರದ ಮಸೀದಿಗಳು, ಒಂದರ ಮೇಲೊಂದು. ಅತಿ ಹಳೆಯದು ಎಂಟನೆಯ ಶತಮಾನದಷ್ಟು ಹಿಂದಿನದು. ಸುತ್ತ ಸಿಕ್ಕಿದ್ದು ಬಹುಪಾಲು ಸ್ಥಳೀಯ ಮಡಕೆಗಳ ಚೂರು. ಊರವರೇ ಹೊಸ ಧರ್ಮವನ್ನು ತಮ್ಮದಾಗಿಸಿಕೊಂಡಿದ್ದರು.

ಮುಂದೆ ಕಟ್ಟಿದ ಕಲ್ಲಿನ ಮನೆಗಳೂ ಅಲ್ಲಿಯ ಕಡಲಿನವೇ. ನೀರಿನೊಳಗಿನ ಹವಳದ ಕಲ್ಲು ಹಸಿಯಾಗಿದ್ದಾಗ ಮೆದು. ಆಗಲೇ ಕೆತ್ತಿಬಿಡಬೇಕು, ಗಾಳಿಗೆ ಒಣಗಿದರೆ ಗಟ್ಟಿ. ಚಾವಣಿಗೆ ಕಾಂಡ್ಲಾ ಮರದ ತೊಲೆ. ತೊಲೆಯ ಉದ್ದವೇ ಕೋಣೆಯ ಅಗಲವನ್ನು ನಿರ್ಧರಿಸುತ್ತಿತ್ತು, ಹಾಗಾಗಿ ಕೋಣೆಗಳು ಉದ್ದ ಮತ್ತು ಇಕ್ಕಟ್ಟು. ಮರಳುವ ಹಡಗುಗಳು ದಂತ, ಚಿನ್ನದ ಜೊತೆಗೆ ಈ ತೊಲೆಗಳನ್ನೂ ತುಂಬಿಕೊಳ್ಳುತ್ತಿದ್ದವು. ಮರವೇ ಸಿಗದ ಪರ್ಷಿಯನ್ ಕೊಲ್ಲಿಯ ಊರುಗಳಲ್ಲೂ ಕೋಣೆಯ ಅಗಲ ಆಫ್ರಿಕದ ಕಾಂಡ್ಲಾ ತೊಲೆಯ ಅಳತೆಗೇ ನಿಂತಿತು.