ನಾಲ್ಕು ಸಾಲಿನ ಜಾಹೀರಾತು ಬಿಡಿಸಿ ಓದುವ ಬಗೆ

ಹಾವೇರಿಯಲ್ಲಿ ಬಿ.ಕಾಂ. ಮುಗಿಸಿದ ಹುಡುಗ ಬೆಂಗಳೂರಿಗೆ ಹೊರಟು ನಿಂತಿದ್ದಾನೆ ಎಂದುಕೊಳ್ಳಿ. ಅಲ್ಲೇ ನೆಲೆಸಿರುವ ಚಿಕ್ಕಪ್ಪ ಇಂಗ್ಲಿಷ್ ಪತ್ರಿಕೆಯ ವರ್ಗೀಕೃತ ಜಾಹೀರಾತಿನ ಪುಟದಿಂದ ಎರಡು ತುಣುಕುಗಳ ಫೋಟೊ ತೆಗೆದು ವಾಟ್ಸ್‌ಆ್ಯಪ್‌ಗೆ ಕಳಿಸುತ್ತಾರೆ. ಒಂದು ಮನೆಯದು, ಇನ್ನೊಂದು ಕೆಲಸದ್ದು. ದಿನವೂ ಅಚ್ಚಾಗುವ ಜಾಹೀರಾತುಗಳ ಮಾದರಿಯಲ್ಲೇ ಜೋಡಿಸಿದ ಮೊದಲನೆಯದು ಹೀಗಿದೆ:

```
JP Ngr 8th Ph, 2BHK, FF, SF, E-fcg,
Cau+bore, CCP, rent 22K, adv 1.5L neg,
veg fmly, dir ownr
```

ಇಂಥ ಜಾಹೀರಾತಿಗೆ ಪದದ ಅಥವಾ ಸಾಲಿನ ಲೆಕ್ಕದಲ್ಲಿ ಹಣ ಕೊಡಬೇಕು. ಹಾಗಾಗಿ ಕೊಟ್ಟವರು ಸ್ವರಗಳನ್ನೆಲ್ಲ ಕಿತ್ತುಹಾಕುತ್ತಾರೆ. ನಗರ್ ಎನ್ನುವುದು ಎನ್‌ಜಿಆರ್ ಆಗುತ್ತದೆ, ಫ್ಯಾಮಿಲಿ ಎಫ್‌ಎಮ್‌ಎಲ್‌ವೈ ಆಗುತ್ತದೆ. ಸ್ವರ ತುಂಬಿಕೊಂಡು ಗಟ್ಟಿಯಾಗಿ ಓದಿದರೆ ಅರ್ಧ ಜಾಹೀರಾತು ತಾನಾಗಿ ಬಿಡಿಸಿಕೊಳ್ಳುತ್ತದೆ. ಎರಡು ಮಲಗುವ ಕೋಣೆ, ಒಂದು ಹಾಲ್, ಒಂದು ಅಡುಗೆಮನೆ. ಪೂರ್ವ ದಿಕ್ಕಿನ ಬಾಗಿಲು. ಮೇಲೆ ಸೂರಿರುವ ಕಾರ್ ಪಾರ್ಕಿಂಗ್. ಬಾಡಿಗೆ 22 ಸಾವಿರ. ಸಸ್ಯಾಹಾರಿ ಕುಟುಂಬಕ್ಕೆ ಮಾತ್ರ. ನಡುವೆ ದಲ್ಲಾಳಿ ಇಲ್ಲ, ನೇರ ಮಾಲೀಕರೇ ಕೊಡುತ್ತಿದ್ದಾರೆ.

ತೊಡಕಿರುವುದು ಎರಡು ಅರ್ಥ ಹೊತ್ತ ಅಕ್ಷರಗಳಲ್ಲಿ. ಎಫ್‌ಎಫ್ ಎಂದರೆ ಮೊದಲ ಮಹಡಿಯೂ ಹೌದು, ಪೂರ್ತಿ ಪೀಠೋಪಕರಣ ಇರುವ ಮನೆಯೂ ಹೌದು. ಎಸ್‌ಎಫ್ ಎಂದರೆ ಎರಡನೇ ಮಹಡಿ ಆಗಬಹುದು, ಅರೆಸಜ್ಜಿತ ಮನೆಯೂ ಆಗಬಹುದು. ಎರಡೂ ಅಕ್ಕಪಕ್ಕ ಬಂದಾಗ ಒಂದೇ ಜಾಹೀರಾತಿನಲ್ಲಿ ಎರಡು ಮನೆಗಳು ಕಾಣುತ್ತವೆ: ಮೊದಲ ಮಹಡಿಯ ಅರೆಸಜ್ಜಿತ ಮನೆ, ಇಲ್ಲವೇ ಎರಡನೇ ಮಹಡಿಯ ಪೂರ್ಣಸಜ್ಜಿತ ಮನೆ. ಮಹಡಿಯನ್ನು ಮೊದಲು ಬರೆಯುವುದೇ ಹೆಚ್ಚಿನ ರೂಢಿಯಾದ್ದರಿಂದ ಮೊದಲನೆಯ ಓದು ಸರಿ ಇರಬೇಕು. ಬೆಂಗಳೂರಿನಲ್ಲಿ ಅರೆಸಜ್ಜಿತ ಎಂದರೆ ಸಾಮಾನ್ಯವಾಗಿ ವಾರ್ಡ್‌ರೋಬ್, ಅಡುಗೆಮನೆಯ ಕಪಾಟು, ಫ್ಯಾನು, ದೀಪ ಇಷ್ಟೇ. ಮಂಚ, ಫ್ರಿಜ್ಜು, ವಾಷಿಂಗ್ ಮೆಷಿನ್ ನಾವೇ ತರಬೇಕು. ಅದರ ಖರ್ಚು ದೊಡ್ಡದು, ಆದ್ದರಿಂದ ಫೋನಿನಲ್ಲಿ ಮೊದಲು ಕೇಳಬೇಕಾದದ್ದು ಇದನ್ನೇ.

ನೀರಿನ ಅಕ್ಷರಗಳಿಗೂ ಗಮನ ಕೊಡಬೇಕು. ಕಾವೇರಿ ಮತ್ತು ಬೋರ್ ಎಂದಿದ್ದರೆ ಜಲಮಂಡಳಿಯ ನಲ್ಲಿಯೂ ಇದೆ, ಕೊಳವೆಬಾವಿಯೂ ಇದೆ ಎಂದರ್ಥ. ಬರೀ ಬೋರ್ ಎಂದಿದ್ದರೆ ಬೇಸಿಗೆಯಲ್ಲಿ ಟ್ಯಾಂಕರ್‌ಗೆ ಯಾರು ಹಣ ಕೊಡಬೇಕು ಎಂದು ಕೇಳಿಕೊಳ್ಳಲೇಬೇಕು. 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿ, ಅವನ್ನೇ ನಂಬಿದ್ದ ಬಡಾವಣೆಗಳು ಪಟ್ಟ ಪಾಡನ್ನು ಇಡೀ ನಾಡು ನೋಡಿದೆ. ಕೆಲವು ಜಾಹೀರಾತುಗಳು 24 ಗಂಟೆ ನೀರು ಎನ್ನುತ್ತವೆ. ಅದು ಸಂಪು, ಓವರ್‌ಹೆಡ್ ಟ್ಯಾಂಕಿನ ಮಾತು. ಕಾವೇರಿ ನೀರು ಬಹುತೇಕ ಕಡೆ ಗೊತ್ತಾದ ದಿನ, ಗೊತ್ತಾದ ಹೊತ್ತಿನಲ್ಲಷ್ಟೇ ಬರುತ್ತದೆ.

ಇನ್ನು ಹಣ. ಅಡ್ವಾನ್ಸ್ ಒಂದೂವರೆ ಲಕ್ಷ, ಚೌಕಾಸಿಗೆ ಅವಕಾಶವಿದೆ ಎಂದು ಬರೆದಿದೆ. 22 ಸಾವಿರದ ಬಾಡಿಗೆಗೆ ಇದು ಸುಮಾರು ಏಳು ತಿಂಗಳ ಮೊತ್ತ. ಹತ್ತು ತಿಂಗಳ ಅಡ್ವಾನ್ಸ್ ಕೇಳುವುದು ಈ ನಗರದ ಹಳೆಯ ರೂಢಿ. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಮಿತಿ ಹೇಳುತ್ತದೆ, ಆದರೆ ಅದು ಮಾದರಿ ಮಾತ್ರ; ರಾಜ್ಯ ತನ್ನದೇ ಕಾನೂನಾಗಿ ತಂದುಕೊಳ್ಳದ ಹೊರತು ಮಾಲೀಕರನ್ನು ಕಟ್ಟಿಹಾಕುವುದಿಲ್ಲ. ಮನೆ ಬಿಡುವಾಗ ಬಣ್ಣಕ್ಕೆಂದು ಎಷ್ಟು ಹಿಡಿಯುತ್ತಾರೆ ಎಂಬುದನ್ನು ಕರಾರುಪತ್ರದಲ್ಲೇ ಬರೆಸಿಕೊಳ್ಳುವುದು ಒಳ್ಳೆಯದು.

ಅದೇ ಪುಟದಲ್ಲಿ ಲೀಸ್ 12 ಎಲ್ ಎಂದಿದ್ದರೆ ವ್ಯವಹಾರವೇ ಬೇರೆ. ಅದು ಭೋಗ್ಯ. ಹನ್ನೆರಡು ಲಕ್ಷ ಒಮ್ಮೆಗೇ ಕೊಟ್ಟು, ತಿಂಗಳ ಬಾಡಿಗೆಯಿಲ್ಲದೆ ಇದ್ದು, ಅವಧಿ ಮುಗಿದಾಗ ಹಣ ವಾಪಸ್ ಪಡೆಯುವುದು. ಆ ಮನೆಯ ಮೇಲೆ ಬ್ಯಾಂಕ್ ಸಾಲವಿದ್ದು ಮಾಲೀಕ ಕಂತು ಕಟ್ಟದಿದ್ದರೆ ಭೋಗ್ಯದಾರ ಬೀದಿಗೆ ಬೀಳುತ್ತಾನೆ. ಮಾಲೀಕನ ಬದಲು ಮಧ್ಯವರ್ತಿಯ ಕೈಗೆ ಹಣ ಕೊಟ್ಟು ಕಳೆದುಕೊಂಡವರೂ ಬೆಂಗಳೂರಿನಲ್ಲಿ ಇದ್ದಾರೆ. ಋಣಭಾರ ಪ್ರಮಾಣಪತ್ರ ನೋಡದೆ, ಪತ್ರ ನೋಂದಣಿ ಮಾಡಿಸದೆ ಭೋಗ್ಯಕ್ಕೆ ಹಣ ಕೊಡಬಾರದು.

ಫೋಟೊದ್ದೂ ಒಂದು ಸಮಸ್ಯೆ ಇದೆ. ಚಿಕ್ಕಪ್ಪ ತುಣುಕನ್ನು ಮಾತ್ರ ಹಿಡಿದರೆ ಮೇಲಿನ ಶೀರ್ಷಿಕೆ ಕತ್ತರಿಸಿಹೋಗುತ್ತದೆ. ಬಾಡಿಗೆಗೋ ಭೋಗ್ಯಕ್ಕೋ ಮಾರಾಟಕ್ಕೋ ಎಂದು ಹೇಳುವುದು ಆ ಶೀರ್ಷಿಕೆಯೇ. ಪುಟದ ತಲೆಯಲ್ಲಿರುವ ತಾರೀಖು ಇಲ್ಲದಿದ್ದರೆ ಕಳೆದ ತಿಂಗಳ ಮನೆಗೆ ಇಂದು ಫೋನ್ ಮಾಡಿದಂತಾಗುತ್ತದೆ. ಮಸುಕಾದ ಚಿತ್ರದಲ್ಲಿ 3ನೇ ಹಂತ 8ನೇ ಹಂತವಾಗಿ ಕಾಣುತ್ತದೆ. ಜೆ.ಪಿ. ನಗರದಲ್ಲಿ ಒಂಬತ್ತು ಹಂತಗಳಿವೆ. ಮೊದಲನೆಯದು ಜಯನಗರಕ್ಕೆ ತಾಗಿಕೊಂಡಿದ್ದರೆ, ಕೊನೆಯವು ದಕ್ಷಿಣದಲ್ಲಿ ಎಷ್ಟೋ ಕಿಲೋಮೀಟರ್ ಆಚೆಗಿವೆ. ಒಂದು ಅಂಕಿ ತಪ್ಪಿದರೆ ದಿನದ ಓಡಾಟವೇ ಬದಲಾಗುತ್ತದೆ.

ಎರಡನೇ ತುಣುಕು ಇದು:

```
Wtd Accts Asst M/F, BCom, Tally+GST,
0-2 yrs exp, Peenya, CTC 2.4 LPA,
PF/ESI, 2W+DL must, imm join
```

ಅಕೌಂಟ್ಸ್ ಸಹಾಯಕರು ಬೇಕು, ಗಂಡಸರೂ ಹೆಂಗಸರೂ ಅರ್ಜಿ ಹಾಕಬಹುದು, ಹೊಸಬರಿಗೂ ಅವಕಾಶವಿದೆ, ಸ್ವಂತ ದ್ವಿಚಕ್ರ ವಾಹನ ಮತ್ತು ಚಾಲನಾ ಪರವಾನಗಿ ಕಡ್ಡಾಯ, ತಕ್ಷಣ ಸೇರಬೇಕು. ಲೆಕ್ಕ ಬರೆಯುವ ಕೆಲಸಕ್ಕೆ ಗಾಡಿ ಏಕೆ ಎಂದು ಕೇಳಲೇಬೇಕು. ಬ್ಯಾಂಕಿಗೆ, ವಸೂಲಿಗೆ ಓಡಾಡುವ ಕೆಲಸವಿದ್ದರೆ ಪೆಟ್ರೋಲಿನ ಹಣ ಯಾರದು ಎಂಬುದು ಮುಂದಿನ ಪ್ರಶ್ನೆ.

ಹೊಸಬರು ಹೆಚ್ಚಾಗಿ ಎಡವುವುದು ಸಿಟಿಸಿಯಲ್ಲಿ. 2.4 ಎಲ್‌ಪಿಎ ಎಂದರೆ ವರ್ಷಕ್ಕೆ 2.4 ಲಕ್ಷ, ತಿಂಗಳಿಗೆ 20 ಸಾವಿರ. ಆದರೆ ಅದು ಉದ್ಯೋಗಿಯ ಸಲುವಾಗಿ ಕಂಪನಿ ಮಾಡುವ ಒಟ್ಟು ವೆಚ್ಚ, ಕೈಗೆ ಬರುವ ಸಂಬಳವಲ್ಲ. ಮೂಲವೇತನ ಮತ್ತು ಡಿಎ ಸೇರಿ 15,000 ಎಂದಿಟ್ಟುಕೊಂಡರೆ ಕಂಪನಿ ಭವಿಷ್ಯನಿಧಿಗೆ ಕಟ್ಟುವ ಶೇ 12, ಅಂದರೆ 1,800 ರೂಪಾಯಿ, ಆ 20 ಸಾವಿರದ ಒಳಗೇ ಇರುತ್ತದೆ. ಇಎಸ್‌ಐಗೆ ಕಂಪನಿ ಕಟ್ಟುವ ಶೇ 3.25 ಕೂಡ ಅಲ್ಲೇ. ಇವೆರಡನ್ನು ತೆಗೆದರೆ ಸುಮಾರು 17,600 ಉಳಿಯುತ್ತದೆ. ಅದರಿಂದ ಉದ್ಯೋಗಿಯ ಪಾಲಿನ ಪಿಎಫ್ 1,800, ಇಎಸ್‌ಐಗೆ ಶೇ 0.75 ಕಳೆದರೆ ಬ್ಯಾಂಕಿಗೆ ಬೀಳುವುದು ಸುಮಾರು 15,700. ಬೋನಸ್ಸು, ಗ್ರಾಚ್ಯುಟಿಗಳನ್ನೂ ಸಿಟಿಸಿಯೊಳಗೆ ಸೇರಿಸುವ ಕಂಪನಿಯಾದರೆ ಇನ್ನೂ ಕಡಿಮೆ. ಹಾಗೆಂದು ಪಿಎಫ್, ಇಎಸ್‌ಐ ಇಲ್ಲದ ಕೆಲಸ ಮೇಲು ಎಂದುಕೊಳ್ಳಬಾರದು. ಪಿಎಫ್ ಉದ್ಯೋಗಿಯದೇ ಉಳಿತಾಯ. ಕಾಯಿಲೆ ಬಿದ್ದರೆ ರಾಜಾಜಿನಗರದಂಥ ಇಎಸ್‌ಐ ಆಸ್ಪತ್ರೆಯ ಬಾಗಿಲು ತೆರೆಯುವುದು ಆ ಸಣ್ಣ ಕಡಿತವೇ.

ಇಲ್ಲಿಯೂ ಎರಡು ಅರ್ಥದ ಅಕ್ಷರವಿದೆ. ಮೂಲವೇತನದ ಜೊತೆ ಬರುವ ಡಿಎ ತುಟ್ಟಿಭತ್ಯೆ, ಪ್ರತಿ ತಿಂಗಳ ಸಂಬಳದ ಭಾಗ. ಮಾರಾಟದ ಕೆಲಸಗಳ ಜಾಹೀರಾತಿನಲ್ಲಿ ಟಿಎ ಜೊತೆ ಬರುವ ಡಿಎ ದಿನಭತ್ಯೆ, ಊರೂರು ಸುತ್ತಿದ ದಿನಕ್ಕೆ ಮಾತ್ರ ಸಿಗುವಂಥದ್ದು. ಸಂದರ್ಶನಕ್ಕೆ ಮೊದಲೇ ನೋಂದಣಿ ಶುಲ್ಕ, ಸಮವಸ್ತ್ರದ ಠೇವಣಿ ಎಂದು ಹಣ ಕೇಳಿದರೆ ಮಾತ್ರ ಯಾವ ಅಕ್ಷರವನ್ನೂ ಬಿಡಿಸುತ್ತ ಕೂರಬೇಕಾಗಿಲ್ಲ, ಫೋನ್ ಇಟ್ಟುಬಿಡಬೇಕು. ಆನ್‌ಲೈನಿನಲ್ಲಿ ಹಣ ಹೋಗಿಯೇ ಬಿಟ್ಟಿದ್ದರೆ 1930ಕ್ಕೆ ಕೂಡಲೇ ಕರೆ ಮಾಡಬೇಕು.

ಎರಡು ತುಣುಕುಗಳನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಹಾವೇರಿಯ ಹುಡುಗನಿಗೆ ಕೆಲಸ ಹೊಂದುತ್ತದೆ, ಮನೆ ಹೊಂದುವುದಿಲ್ಲ. 15,700 ಸಂಬಳಕ್ಕೆ 22 ಸಾವಿರದ ಬಾಡಿಗೆ ಕೈಗೆಟುಕದು. ಗೆಳೆಯರ ಜೊತೆ ಹಂಚಿಕೊಳ್ಳೋಣವೆಂದರೆ ಕುಟುಂಬಕ್ಕೆ ಮಾತ್ರ ಎಂದು ಬರೆದಿದೆ. ಕೆಲಸ ವಾಯವ್ಯದ ಪೀಣ್ಯದಲ್ಲಿ, ಮನೆ ದಕ್ಷಿಣದ ತುದಿಯಲ್ಲಿ. ಹಸಿರು ಮಾರ್ಗದ ಮೆಟ್ರೊ ಹಿಡಿಯಲೂ 8ನೇ ಹಂತದಿಂದ ಇನ್ನೊಂದು ವಾಹನ ಬೇಕು. ಅವನು ಚಿಕ್ಕಪ್ಪನಿಗೆ ಹೇಳಬೇಕಾದದ್ದು ಇಷ್ಟು: ಪೀಣ್ಯ, ದಾಸರಹಳ್ಳಿ, ಯಶವಂತಪುರದ ಕಡೆ ಪಿಜಿ ಅಥವಾ ಬ್ಯಾಚುಲರ್‌ಗಳಿಗೆ ಕೊಡುವ ಕೋಣೆ ಇರುವ ಜಾಹೀರಾತು ನೋಡಿ, ಶೀರ್ಷಿಕೆ ಮತ್ತು ತಾರೀಖು ಸೇರುವಂತೆ ಇಡೀ ಪುಟದ ಫೋಟೊ ಕಳಿಸಿ.