ದರ್ಗಾದ ಹೊಸ್ತಿಲಲ್ಲಿ

ಅರಸೀಕೆರೆಯಲ್ಲಿ ರೈಲಿನಿಂದಿಳಿದು ಹಳೇಬೀಡು ಬೇಲೂರುಗಳನ್ನು ನೋಡಲು ಹೊರಡುವ ಸಂಸಾರಸ್ಥರಿಗೆ ದೇವಾಲಯದಲ್ಲಿ ನಡೆದುಕೊಳ್ಳುವ ಬಗೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಎಲ್ಲಿ ಚಪ್ಪಲಿ ಬಿಡಬೇಕು, ಮಂಗಳಾರತಿ ಬಂದಾಗ ಕೈ ಹೇಗೆ ಹಿಡಿಯಬೇಕು, ತೀರ್ಥಕ್ಕೆ ಯಾವ ಕೈ ಚಾಚಬೇಕು ಎಂಬುದೆಲ್ಲ ತಾಯಿಯ ಕಂಕುಳಲ್ಲಿದ್ದಾಗಲೇ ಬಂದ ವಿದ್ಯೆ. ಬೇಲೂರಿನವರಿಗೆ ಇನ್ನೂ ಒಂದು ಪರಿಚಯವುಂಟು. ಚೆನ್ನಕೇಶವನ ರಥೋತ್ಸವದಂದು ಖಾಜಿಯೊಬ್ಬರು ಬಂದು ಕುರಾನಿನ ವಾಕ್ಯಗಳನ್ನು ಪಠಿಸುವ ರೂಢಿ ಅಲ್ಲಿ ಬಹುಕಾಲದಿಂದ ಬಂದದ್ದು; 2022ರ ಏಪ್ರಿಲ್‌ನಲ್ಲಿ ಕೆಲವರ ಆಕ್ಷೇಪಣೆಯ ನಡುವೆಯೂ ಅದು ನಡೆಯಿತು. ಹೀಗೆ ಖಾಜಿಯವರು ದೇವಾಲಯದ ಎದುರಿಗೆ ಬಂದು ನಿಲ್ಲುವುದನ್ನು ಕಂಡವರು ಅನೇಕರಿದ್ದರೂ, ತಾವಾಗಿ ಒಂದು ದರ್ಗಾದ ಹೊಸ್ತಿಲು ದಾಟಿ ಒಳಗೆ ಹೋದವರು ಅಷ್ಟಿಲ್ಲ. ಹೋಗಬಾರದೆಂದಲ್ಲ. ಹೋದರೆ ಏನು ಮಾಡಬೇಕೋ, ಎಲ್ಲಿ ತಪ್ಪಾಗುವುದೋ ಎಂಬ ಸಂಕೋಚ.

ಬೇಲೂರಿನ ಕಡೆಯ ಇಂಥದೊಂದು ಸಂಸಾರ ಬಂಧುಗಳ ಮದುವೆಗೆಂದು ಕಲಬುರಗಿಗೆ ಹೋಗಿದೆಯೆಂದು ಭಾವಿಸೋಣ. ಗಂಡ, ಹೆಂಡತಿ, ಕಾಲೇಜಿನಲ್ಲಿ ಓದುವ ಮಗಳು, ಮಡಿಯ ವಿಷಯದಲ್ಲಿ ಸ್ವಲ್ಪ ಬಿಗಿಯಾದ ಅಜ್ಜಿ. ಮದುವೆ ಮುಗಿದ ಮರುದಿನ ಗುರುವಾರ. ಸಂಜೆ ಎಲ್ಲರೂ ಖಾಜಾ ಬಂದೇನವಾಜರ ದರ್ಗಾ ನೋಡಲು ಹೊರಟಿದ್ದಾರೆ. ಶುಕ್ರವಾರದ ಮುನ್ನಾದಿನವಾದ್ದರಿಂದ ದರ್ಗಾಗಳಲ್ಲಿ ಗುರುವಾರದ ಸಂಜೆಗೆ ವಿಶೇಷವುಂಟು. ಜನ ಹೆಚ್ಚು, ಸಂಗೀತವಿದ್ದರೆ ಅಂದೇ ಇರುವ ಸಂಭವವೂ ಹೆಚ್ಚು.

ಮೊದಲ ಪ್ರಶ್ನೆ ತಲೆಯದು. ದೇವಸ್ಥಾನದಲ್ಲಿ ಗಂಡಸರು ಪೇಟ ರುಮಾಲುಗಳನ್ನು ತೆಗೆದು, ಎಷ್ಟೋ ಕಡೆ ಅಂಗಿಯನ್ನೂ ಕಳಚಿ ನಿಲ್ಲುತ್ತಾರೆ. ಇಲ್ಲಿ ಅದಕ್ಕೆ ವಿರುದ್ಧ: ಹಿರಿಯರ ಸನ್ನಿಧಿಯಲ್ಲಿ ತಲೆ ಮುಚ್ಚಿಕೊಳ್ಳುವುದೇ ವಿನಯ. ಈ ವಿನಯಕ್ಕೆ ಅವರಲ್ಲಿ ‘ಅದಬ್’ ಎಂದು ಹೆಸರು. ಟೋಪಿಯೇ ಆಗಬೇಕೆಂದಿಲ್ಲ. ಪೇಟವಿದ್ದವರು ಪೇಟದಲ್ಲೇ ಹೋಗಬಹುದು. ಶುಭ್ರವಾದ ದೊಡ್ಡ ಕರವಸ್ತ್ರವೊಂದನ್ನು ತಲೆಯ ಮೇಲೆ ಹರಡಿ ಹಿಂದೆ ಗಂಟು ಹಾಕಿದರೂ ಸಾಕು. ಅಂಗೈಯಗಲದ ಕರವಸ್ತ್ರ ಸಾಲದು. ಬಾಗಿದೊಡನೆ ಜಾರಿ ಬೀಳುತ್ತದೆ, ಎತ್ತಿಕೊಳ್ಳುವ ಅವಸರದಲ್ಲಿ ಹಿಂದಿನವರಿಗೆ ತಾಗುತ್ತದೆ. ಹೆಂಗಸರಿಗೆ ಸೀರೆಯ ಸೆರಗೇ ಆಯಿತು. ಮಗಳಿಗೆ ಮಾತ್ರ ಮನೆಯಿಂದಲೇ ಒಂದು ದುಪ್ಪಟ್ಟ ತಂದುಕೊಳ್ಳುವುದು ಲೇಸು.

ತಲೆಗೂದಲಿನ ಮಾತು ಬಂದಾಗ ಈ ದರ್ಗಾದ ಮಹಾನುಭಾವರ ಹೆಸರನ್ನೇ ನೆನೆಯಬೇಕು. ಅವರ ನಿಜನಾಮ ಸೈಯದ್ ಮುಹಮ್ಮದ್ ಹುಸೇನಿ. ‘ಗೇಸೂದರಾಜ್’ ಎಂಬುದು ಬಿರುದು. ನೀಳಕೇಶವುಳ್ಳವನೆಂದು ಅದರ ಅರ್ಥ. ದೆಹಲಿಯಲ್ಲಿ ತಮ್ಮ ಗುರು ನಸೀರುದ್ದೀನ್ ಚಿರಾಗರ ಪಲ್ಲಕ್ಕಿಗೆ ಹೆಗಲು ಕೊಟ್ಟಾಗ ಅವರ ಉದ್ದ ಕೂದಲು ಪಲ್ಲಕ್ಕಿಗೆ ಸಿಕ್ಕಿಕೊಂಡಿತಂತೆ. ನಿಂತು ಬಿಡಿಸಿಕೊಂಡರೆ ಗುರುವಿನ ಪ್ರಯಾಣಕ್ಕೆ ತಡೆ. ನೋವನ್ನು ನುಂಗಿಕೊಂಡು ಹಾಗೆಯೇ ನಡೆದರು, ಅದನ್ನರಿತ ಗುರು ಆ ಹೆಸರಿಟ್ಟರು ಎಂದು ಕಥೆ. 1321ರಲ್ಲಿ ಹುಟ್ಟಿದ ಅವರು, 1398ರಲ್ಲಿ ತೈಮೂರನ ದಂಡು ಬಂದಾಗ ದೆಹಲಿಯನ್ನು ಬಿಟ್ಟರು. ಎಂಬತ್ತರ ಅಂಚಿನ ವಯಸ್ಸಿನಲ್ಲಿ ದಕ್ಷಿಣಕ್ಕೆ ಬಂದು, ಬಹಮನಿ ಸುಲ್ತಾನ ಫಿರೋಜ್ ಷಹನ ಕಾಲದಲ್ಲಿ ಕಲಬುರಗಿಯಲ್ಲಿ ನೆಲೆನಿಂತು, 1422ರಲ್ಲಿ ಅಲ್ಲಿಯೇ ದೇಹ ಬಿಟ್ಟರು. ಈಗಿರುವ ಗುಮ್ಮಟದ ಸಮಾಧಿಮಂದಿರ ಫಿರೋಜನ ತರುವಾಯ ಪಟ್ಟಕ್ಕೆ ಬಂದ ಅಹಮದ್ ಷಹನ ಕಾಲದ್ದು.

ಒಳಕೋಣೆಗೆ ಹೋಗುವ ಮುನ್ನ ಹೆಂಗಸರು ಒಂದು ಮಾತು ಕೇಳಿಕೊಳ್ಳಬೇಕು. ಸಮಾಧಿಯ ಹತ್ತಿರಕ್ಕೆ ಹೆಂಗಸರನ್ನು ಬಿಡುವ ವಿಷಯದಲ್ಲಿ ದರ್ಗಾದಿಂದ ದರ್ಗಾಕ್ಕೆ ಕಟ್ಟಳೆ ಬೇರೆ. ಅಜ್ಮೇರದಲ್ಲಿ ಬಿಡುತ್ತಾರೆ, ದೆಹಲಿಯ ನಿಜಾಮುದ್ದೀನ್ ದರ್ಗಾದಲ್ಲಿ ಬಿಡುವುದಿಲ್ಲ. ಬಾಗಿಲಲ್ಲಿ ತಡೆದ ಮೇಲೆ ವಾದಕ್ಕಿಳಿಯುವುದಕ್ಕಿಂತ ಅಂಗಳದಲ್ಲಿ ಕುಳಿತ ಹೆಂಗಸರನ್ನು ಮೊದಲೇ ವಿಚಾರಿಸಿದರೆ ಮುಜುಗರವಿಲ್ಲ. ಈ ಕಟ್ಟಳೆ ಸರಿಯೇ ಎಂದು ಮಗಳು ಕೇಳಿದರೆ, ಆ ಪ್ರಶ್ನೆಯನ್ನು ಮುಸ್ಲಿಂ ಹೆಣ್ಣುಮಕ್ಕಳೇ ನ್ಯಾಯಾಲಯದಲ್ಲಿ ಎತ್ತಿದ್ದಾರೆಂದೂ, ಮುಂಬಯಿಯ ಹಾಜಿ ಅಲಿ ದರ್ಗಾದಲ್ಲಿ 2016ರಲ್ಲಿ ಗೆದ್ದು ಒಳಗೆ ಹೋದರೆಂದೂ ತಂದೆ ತಿಳಿಸಬಹುದು.

ಹೊಸ್ತಿಲನ್ನು ಮೆಟ್ಟಬಾರದು, ದಾಟಬೇಕು. ಇದು ಅಜ್ಜಿಗೆ ಹೇಳಿಕೊಡಬೇಕಾದ ಪಾಠವಲ್ಲ. ಆದರೆ ಒಳಗೆ ಕಂಡ ಒಂದು ಸಂಗತಿ ಆಕೆಯನ್ನು ಚಕಿತಗೊಳಿಸಬಹುದು: ಸಮಾಧಿಯ ತಲೆಯ ಕಡೆ ಉತ್ತರಕ್ಕಿದೆ. ಉತ್ತರಕ್ಕೆ ತಲೆಯಿಟ್ಟು ಮಲಗಬಾರದೆಂದು ಮೊಮ್ಮಕ್ಕಳನ್ನು ಗದರುತ್ತ ಬಂದವರಲ್ಲವೆ? ಇದಕ್ಕೆ ಕಾರಣ ಸರಳ. ಮುಖ ಮಕ್ಕಾದ ದಿಕ್ಕಿಗೆ ತಿರುಗುವಂತೆ ಬಲಮಗ್ಗುಲಿಗೆ ಮಲಗಿಸಿ ಮಣ್ಣು ಮಾಡುವುದು ಅವರ ಪದ್ಧತಿ. ಮಕ್ಕಾ ನಮ್ಮ ನಾಡಿಗೆ ಪಶ್ಚಿಮದಲ್ಲಿರುವುದರಿಂದ ತಲೆ ತಾನಾಗಿಯೇ ಉತ್ತರಕ್ಕೆ ಬರುತ್ತದೆ. ಸಂದರ್ಶಕರು ಪಾದದ ಕಡೆಯಿಂದ, ಅಂದರೆ ದಕ್ಷಿಣದಿಂದ ಸಮೀಪಿಸುವುದು ಮರ್ಯಾದೆ. ಹೊರಬರುವಾಗ ಒಡನೆ ಬೆನ್ನು ತೋರದೆ ನಾಲ್ಕು ಹೆಜ್ಜೆ ಹಿಂದಕ್ಕೆ ಸರಿಯುವುದೂ ಉಂಟು. ಕೆಲವರು ಸಮಾಧಿಗೆ ಹಣೆಯೊತ್ತುವುದು ಕಾಣುತ್ತದೆ. ಅದನ್ನು ಅನುಕರಿಸಬೇಕಾದ್ದಿಲ್ಲ. ಸಾಷ್ಟಾಂಗವು ದೇವರೊಬ್ಬನಿಗೇ ಸಲ್ಲತಕ್ಕದ್ದೆಂದು ಹೇಳುವ ಮುಸಲ್ಮಾನರೇ ಬಹಳ ಮಂದಿ. ಸಮಾಧಿಗೆ ಹರಕೆ ಹೊರುವುದನ್ನೇ ಒಪ್ಪದವರೂ ಅವರಲ್ಲಿದ್ದಾರೆ. ಕೈಜೋಡಿಸಿ ಮೌನವಾಗಿ ನಿಂತರೆ ಯಾರಿಗೂ ಅದು ಅಪಚಾರವೆನಿಸದು. ಸಮಾಧಿಗೆ ಪ್ರದಕ್ಷಿಣೆ ಬರುವ ಅಭ್ಯಾಸವನ್ನೂ ಇಲ್ಲಿ ಮರೆಯುವುದು ಒಳ್ಳೆಯದು.

ಕಾಣಿಕೆಯ ವಿಷಯಕ್ಕೆ ಬಂದರೆ ಬಾಗಿಲ ಬಳಿಯ ಅಂಗಡಿಗಳೇ ಗೊಂದಲವನ್ನು ಹುಟ್ಟಿಸುತ್ತವೆ. ಗುಲಾಬಿ, ಮಲ್ಲಿಗೆ, ಊದುಬತ್ತಿ, ಅತ್ತರು, ಸಕ್ಕರೆ, ಜರಿಯಂಚಿನ ಹಸಿರು ಚಾದರ — ಎಲ್ಲವನ್ನೂ ಒಂದೇ ಬುಟ್ಟಿಗೆ ಹಾಕಿ ಕೈಗಿಡುವ ವ್ಯಾಪಾರಿಗೆ ಬೇಡವೆನ್ನಲು ಸಂಕೋಚಪಡಬೇಕಾಗಿಲ್ಲ. ಚಾದರವು ಹರಕೆ ಹೊತ್ತವರ ಅರ್ಪಣೆ. ಅದರ ನಾಲ್ಕು ಮೂಲೆಗಳನ್ನು ನಾಲ್ವರು ಹಿಡಿದು, ತಲೆಯ ಮೇಲೆ ಚಪ್ಪರದಂತೆ ಎತ್ತಿಕೊಂಡು ಬಂದು ಸಮಾಧಿಯ ಮೇಲೆ ಹೊದಿಸುತ್ತಾರೆ. ಮೊದಲ ಸಲ ಬಂದವರಿಗೆ ಒಂದಿಷ್ಟು ಹೂವು, ಕಾಲು ಕಿಲೋ ಸಕ್ಕರೆ ಸಾಕು.

ಈ ಸಕ್ಕರೆಯಲ್ಲಿಯೇ ವಿಷಯವಿರುವುದು. ದರ್ಗಾಕ್ಕೆ ನಡೆದುಕೊಳ್ಳುವ ನಮ್ಮ ಹಳ್ಳಿಗರು ‘ಸಕ್ಕರೆ ಓದಿಸಿಕೊಂಡು ಬಂದೆವು’ ಎನ್ನುತ್ತಾರೆ. ಕೇಳಲು ವಿಚಿತ್ರವಾದರೂ ಮಾತು ಅಚ್ಚುಕಟ್ಟಾದದ್ದು. ಪೊಟ್ಟಣವನ್ನು ಮುಜಾವರರ ಮುಂದಿಟ್ಟಾಗ ಅವರು ಕುರಾನಿನ ಮೊದಲ ಅಧ್ಯಾಯವಾದ ಫಾತೆಹಾವನ್ನು ಓದುತ್ತಾರೆ. ಏಳೇ ವಾಕ್ಯಗಳ ಅಧ್ಯಾಯ ಅದು. ಅದರೊಡನೆ ಇನ್ನೂ ಒಂದೆರಡು ಚಿಕ್ಕ ಪಠಣಗಳು. ಎಲ್ಲ ಸೇರಿ ಕೆಲವೇ ನಿಮಿಷ. ಪ್ರಾರ್ಥನೆ ಸಲ್ಲುವುದು ದೇವರಿಗೆ. ಓದಿದ ಪುಣ್ಯ ತೀರಿಕೊಂಡ ಮಹಾತ್ಮರಿಗೆ ಮುಟ್ಟಲೆಂದು ಕೋರಿಕೆ. ಮುಜಾವರರು ಅಂಗೈಗಳನ್ನು ಮೇಲ್ಮುಖವಾಗಿ ಹಿಡಿದಾಗ ನಿಂತವರೂ ಹಾಗೆಯೇ ಹಿಡಿಯುತ್ತಾರೆ, ಮುಗಿದಾಗ ಮುಖ ಸವರಿಕೊಳ್ಳುತ್ತಾರೆ. ಕಾಣಿಕೆಯ ಒಂದು ಪಾಲು ಅಲ್ಲಿ ಉಳಿದು, ಮಿಕ್ಕದ್ದು ಪ್ರಸಾದವಾಗಿ ಹಿಂದಕ್ಕೆ ಬರುತ್ತದೆ. ‘ತಬರ್ರುಕ್’ ಎಂದು ಅದರ ಹೆಸರು. ನವಿಲುಗರಿಯ ಕುಂಚದಿಂದ ತಲೆಯನ್ನು ಮೃದುವಾಗಿ ಸವರಿದರೆ ಬೆಚ್ಚಬೇಕಾಗಿಲ್ಲ, ಅದು ಆಶೀರ್ವಾದ.

ಹಣದ ವಿಷಯದಲ್ಲಿ ಎಚ್ಚರವಿರಲಿ. ದಾರಿಯಲ್ಲಿಯೇ ಅಡ್ಡಗಟ್ಟಿ, ಹೆಸರು ಗೋತ್ರ ಕೇಳಿ, ಇಂತಿಷ್ಟು ಕೊಟ್ಟರೆ ಕಷ್ಟ ಪರಿಹಾರವೆನ್ನುವವನು ಮುಜಾವರನಲ್ಲವೆಂದೇ ತಿಳಿಯಬೇಕು. ಪೆಟ್ಟಿಗೆಯಲ್ಲಿ ಹಾಕಿದ್ದು, ಇಲ್ಲವೆ ಕಚೇರಿಯಲ್ಲಿ ಕೊಟ್ಟು ರಸೀದಿ ಪಡೆದದ್ದು ಸೇರಬೇಕಾದಲ್ಲಿಗೆ ಸೇರುತ್ತದೆ. ದೇವಸ್ಥಾನಗಳ ದಾರಿಯಲ್ಲಿ ಈ ಪಾಠ ಕಲಿತವರಿಗೆ ಇಲ್ಲಿ ಹೊಸದೇನಿಲ್ಲ.

ಬೇಲೂರಿನವರಿಗೆ ಹತ್ತಿರವಾದದ್ದು ಚಿಕ್ಕಮಗಳೂರಿನಾಚೆಯ ಬಾಬಾಬುಡನ್‌ಗಿರಿಯಲ್ಲವೆ, ಅಲ್ಲಿಯೂ ಇದೇ ಕ್ರಮವೆ ಎಂದು ಹೆಂಡತಿ ಕೇಳುವುದು ಸಹಜ. ಅಲ್ಲ. ಆ ಗುಹೆಯನ್ನು ಒಂದು ಪರಂಪರೆಯವರು ದತ್ತಾತ್ರೇಯ ಪೀಠವೆಂದೂ ಇನ್ನೊಂದು ಪರಂಪರೆಯವರು ಸೂಫಿ ಸಂತರ ಸ್ಥಾನವೆಂದೂ ಸೇವಿಸುತ್ತ ಬಂದಿದ್ದಾರೆ. ಪೂಜೆಯ ಹಕ್ಕುಗಳ ವ್ಯಾಜ್ಯ ದಶಕಗಟ್ಟಲೆ ನಡೆದಿದೆ. ಅಲ್ಲಿಗೆ ಹೋದವರು ತಾವಾಗಿ ಯಾವ ವಿಧಿಯನ್ನೂ ತೊಡಗದೆ, ಅಂದು ಅಲ್ಲಿರುವ ಅಧಿಕೃತರು ಹೇಳಿದಂತೆ ದರ್ಶನ ಮಾಡಿ ಬರುವುದೇ ಯುಕ್ತ.

ಕಲಬುರಗಿಯ ಅಂಗಳದಲ್ಲಿ ಅಷ್ಟರಲ್ಲಿ ಗಾಯಕರು ಬಂದು ಕುಳಿತಿದ್ದಾರೆನ್ನಿ. ಹಾರ್ಮೋನಿಯಂ, ಢೋಲಕ್, ಹಿಂದೆ ಚಪ್ಪಾಳೆಯಲ್ಲಿ ತಾಳ ಹಿಡಿಯುವ ಮೇಳ. ಇದು ಕವ್ವಾಲಿ. ಸೂಫಿಗಳು ಇಂಥ ಗಾನವನ್ನು ಆಲಿಸುವುದಕ್ಕೆ ‘ಸಮಾ’ ಎನ್ನುತ್ತಾರೆ. ಆ ಮಾತಿಗೆ ‘ಕೇಳುವುದು’ ಎಂದು ಅರ್ಥವೇ ಹೊರತು ಹಾಡುವುದೆಂದಲ್ಲ ಎಂಬುದನ್ನು ಗಮನಿಸಬೇಕು. ತಕ್ಕ ಕಾಲ, ತಕ್ಕ ಸ್ಥಳ, ತಕ್ಕ ಸಹವಾಸ — ಈ ಮೂರೂ ಕೂಡಿದಾಗಲೇ ಕೇಳತಕ್ಕದ್ದೆಂದು ಹಿಂದಿನವರು ವಿಧಿಸಿದ್ದರು. ವಾದ್ಯಗಳು ಸಲ್ಲುವುವೆ ಎಂಬುದರಲ್ಲಿ ಚಿಶ್ತಿ ಪಂಥದ ಗುರುಗಳಲ್ಲಿಯೇ ಒಮ್ಮತವಿರಲಿಲ್ಲ. ಗೇಸೂದರಾಜರಿಗೆ ಸಮಾದಲ್ಲಿ ಬಹಳ ಪ್ರೀತಿ. ಫಾರಸಿಯ ಗೀತಗಳನ್ನು ಮೆಚ್ಚಿದವರಾದರೂ, ದೇಶಭಾಷೆಯ ಹಾಡಿನ ಕೋಮಲತೆ ಹೃದಯವನ್ನು ಕರಗಿಸುವ ಬಗೆಯೇ ಬೇರೆಯೆಂದು ಅವರು ನುಡಿದದ್ದು ಅವರ ಸಂಭಾಷಣೆಗಳ ಸಂಗ್ರಹದಲ್ಲಿ ಸೇರಿದೆ.

ಮೊದಲು ದೇವರ ಸ್ತುತಿ, ಅನಂತರ ಪ್ರವಾದಿಯ ಸ್ತುತಿ, ಆಮೇಲೆ ಸಂತರದು. ಒಂದೇ ಸಾಲನ್ನು ಗಾಯಕ ಮತ್ತೆ ಮತ್ತೆ ಹಾಡುತ್ತಿದ್ದರೆ ಮುಂದಿನ ಸಾಲು ಮರೆತನೆಂದು ಭಾವಿಸಬಾರದು. ಕೇಳುವವರಲ್ಲಿ ಒಬ್ಬರು ಆ ಮಾತಿನಲ್ಲಿ ತನ್ಮಯರಾಗಿದ್ದರೆ, ಅವರು ಎಚ್ಚರಕ್ಕೆ ಮರಳುವವರೆಗೆ ಸಾಲನ್ನು ಬದಲಿಸದಿರುವುದು ಕವ್ವಾಲರ ಧರ್ಮ. ಅಂಥವರನ್ನು ದಿಟ್ಟಿಸಿ ನೋಡುವುದು, ಚಿತ್ರ ತೆಗೆಯುವುದು ಅಸಭ್ಯ. ಹಾಡು ಮುಗಿದಾಗ ಸಭೆಯಲ್ಲಿ ಕರತಾಡನವಿಲ್ಲ. ಗಾಯಕರಿಗೆ ಏನಾದರೂ ಕೊಡಬೇಕೆನಿಸಿದರೆ ನೋಟನ್ನು ಎಸೆಯಬಾರದು. ಎರಡು ಕೈಯಲ್ಲಿ ಹಿಡಿದು, ಮೊದಲ ಸಾಲಿನಲ್ಲಿ ಕುಳಿತ ಹಿರಿಯರಿಗೆ ಒಪ್ಪಿಸಿದರೆ ಅವರ ಮೂಲಕ ಅದು ಗಾಯಕರ ಮುಂದೆ ಸೇರುತ್ತದೆ. ಆಜಾನ್ ಕೇಳಿದೊಡನೆ ಹಾಡು ನಿಲ್ಲುತ್ತದೆ. ಕಾರ್ಯಕ್ರಮ ಮುಗಿಯಿತೆಂದು ಎದ್ದು ಗದ್ದಲ ಮಾಡದೆ ಸುಮ್ಮನಿರಬೇಕು.

ಸಂಗೀತವನ್ನೇ ಮುಖ್ಯವಾಗಿ ಕೇಳಬಯಸುವವರು ಉರುಸಿಗೆ ಬರಬೇಕು. ಉರುಸೆಂದರೆ ವಿವಾಹ, ಸಂತನ ಮರಣವನ್ನು ದೇವರೊಡನೆ ಮಿಲನವೆಂದು ಎಣಿಸಿ ಇಟ್ಟ ಹೆಸರು. ಇಲ್ಲಿ ಅದು ಜಿಲ್ಕಾದ್ ತಿಂಗಳ 15ರಂದು ಗಂಧದ ಮೆರವಣಿಗೆಯಿಂದ ಆರಂಭವಾಗುತ್ತದೆ. ಅವರದು ಚಾಂದ್ರಮಾನವಾಗಿ, ನಮ್ಮಂತೆ ಅಧಿಕಮಾಸವಿಲ್ಲದ್ದರಿಂದ, ತಾರೀಖು ವರ್ಷವರ್ಷಕ್ಕೆ ಹತ್ತು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತದೆ. ಹೋದವರ್ಷದ ತಾರೀಖು ನಂಬಿ ರೈಲು ಹತ್ತಿದವರು ಹಬ್ಬ ಮುಗಿದ ಅಂಗಳಕ್ಕೆ ಬಂದಾರು.

ಅಜ್ಜಿಯ ಸಂದೇಹ ಉಳಿದೇ ಇತ್ತು. ಸಕ್ಕರೆಯನ್ನು ಮರಳಿಸುವಾಗ ಮುಜಾವರರು, “ತಗೋರಿ ತಾಯಿ, ಮನೀ ಮಂದಿಗೆಲ್ಲ ಕೊಡ್ರಿ” ಎಂದರು.

“ನನಗಿವತ್ತು ಒಪ್ಪೊತ್ತು, ಸಾಹೇಬರೆ.”

“ಇವತ್ತs ತಿನಬೇಕಂತ ಏನಿಲ್ಲರಿ. ನೆಲಕ್ಕ ಬೀಳಧಾಂಗ ಇಟ್ಕೊಂಡ್ರ ಸಾಕು.”

ಆಕೆ ಬಲಗೈ ಚಾಚಿ, ಅದರ ಕೆಳಗೆ ಎಡಗೈ ಕೊಟ್ಟು, ಸಕ್ಕರೆ ಪಡೆದರು. ತಲೆಯ ಮೇಲಿದ್ದ ಸೆರಗು ಜಾರದಂತೆ ಅದರ ತುದಿಯನ್ನಷ್ಟೇ ಎಳೆದುಕೊಂಡು ಗಂಟು ಕಟ್ಟಿದರು.